ಹಿಂದಕ್ಕೆ ಸರಿದ ತಂತ್ರಾಂಶ, ಮುಂದಕ್ಕೆ ಹೋದ ಸಂಖ್ಯೆ

ಬಿಡುಗಡೆಯಾದ ತಂತ್ರಾಂಶದಲ್ಲಿ ದೋಷ ಕಂಡು ಅದನ್ನು ಹಿಂಪಡೆದಾಗ, ತಯಾರಿಸಿದ ಕಂಪನಿಯಿಂದ ಗ್ರಾಹಕರಿಗೆ ಒಂದು ಇಮೇಲ್ ಹೋಗುತ್ತದೆ. ಅದರಲ್ಲಿ ಎರಡು ಮಾತು ಜೊತೆಜೊತೆಗೆ ಬರುತ್ತವೆ. ಹೊಸ ಬದಲಾವಣೆಯನ್ನು ತೆಗೆದು ಹಳೆಯ ಲೆಕ್ಕಕ್ಕೇ ಮರಳಿದ್ದೇವೆ ಎಂಬುದು ಒಂದು. ಇನ್ನು ಮುಂದೆ 4.7.0 ಬಿಟ್ಟು 4.7.1 ಬಳಸಿ ಎಂಬುದು ಇನ್ನೊಂದು. ಓದುವವರಿಗೆ ತೊಡಕಾಗುವುದು ಇಲ್ಲೇ. ಹಳೆಯದಕ್ಕೆ ಮರಳಿದ್ದರೆ ಸಂಖ್ಯೆ 4.6.2ಕ್ಕೆ ಇಳಿಯಬೇಕಿತ್ತಲ್ಲ, ಏರಿದ್ದೇಕೆ? ದೋಷವಿದ್ದ 4.7.0 ಅನ್ನೇ ಸರಿಪಡಿಸಿ ಅದೇ ಹೆಸರಿನಲ್ಲಿ ಕೊಡಲಿಲ್ಲವೇಕೆ? ಹಿಂಪಡೆದ ಮೇಲೆ ಈ ನಡುವೆ ಆದ ತಪ್ಪುಗಳೂ ಅಳಿಸಿಹೋದವೇ? ಇಮೇಲ್ ಬರೆಯುವವರು ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದಿದ್ದರೆ ಗ್ರಾಹಕರು ತಮಗೆ ತೋಚಿದ ಉತ್ತರವನ್ನು ಊಹಿಸಿಕೊಳ್ಳುತ್ತಾರೆ. ಆ ಊಹೆ ಹೆಚ್ಚಿನ ಸಲ ತಪ್ಪಾಗಿರುತ್ತದೆ.

ವಿಷಯವನ್ನು ಹಿಡಿದು ನೋಡಲು ಒಂದು ಕಲ್ಪಿತ ಪ್ರಸಂಗ ಸಾಕು. ದಾವಣಗೆರೆಯಲ್ಲಿ ವಿದ್ಯುತ್ ಸಾಮಗ್ರಿಗಳ ಸಗಟು ಅಂಗಡಿಯೊಂದಿದೆ. ಹರಿಹರದಲ್ಲಿ ಅದರ ಶಾಖೆಯಿದ್ದು, ಎರಡೂ ಕಡೆ ಸೇರಿ ಬಿಲ್ ಹಾಕುವ ಐದು ಕಂಪ್ಯೂಟರ್‌ಗಳಿವೆ. ಬಿಲ್ಲಿಂಗ್ ತಂತ್ರಾಂಶವನ್ನು ಬೆಂಗಳೂರಿನ ಒಂದು ಸಣ್ಣ ಕಂಪನಿ ಮಾಡಿಕೊಟ್ಟಿದೆ. ಶುಕ್ರವಾರ ರಾತ್ರಿ 8.10ಕ್ಕೆ 4.7.0 ಆವೃತ್ತಿ ಬಿಡುಗಡೆಯಾಯಿತು. ಅದರಲ್ಲಿ ದಾಸ್ತಾನಿನ ಹೊಸ ವರದಿಯೊಂದಿತ್ತು. ರಿಯಾಯಿತಿಯನ್ನು ಬ್ರ್ಯಾಂಡ್‌ಗೆ ತಕ್ಕಂತೆ ಬೇರೆ ಬೇರೆಯಾಗಿ ಕೊಡುವ ಸೌಲಭ್ಯವೂ ಇತ್ತು. ಈ ಎರಡನೆಯದಕ್ಕಾಗಿ ಲೆಕ್ಕದ ಭಾಗವನ್ನು ಹೊಸದಾಗಿ ಬರೆದಿದ್ದರು. ಬರೆಯುವಾಗ ಎರಡು ಹಂತಗಳು ಅದಲುಬದಲಾದವು.

ಸರಿಯಾದ ಕ್ರಮ ಸರಳ. 1,000 ರೂಪಾಯಿಯ ಸರಕಿಗೆ ಶೇ. 10 ರಿಯಾಯಿತಿ ಕೊಟ್ಟರೆ ಉಳಿಯುವುದು 900. ಅದರ ಮೇಲೆ ಶೇ. 18 ಜಿಎಸ್‌ಟಿ ಎಂದರೆ 162. ಬಿಲ್ಲಿನ ಮೊತ್ತ 1,062. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಯನ್ನು ತೆರಿಗೆ ಹಾಕುವ ಮೌಲ್ಯದಿಂದ ಕಳೆಯಲು ಜಿಎಸ್‌ಟಿ ಕಾನೂನಿನಲ್ಲೇ ಅವಕಾಶವಿದೆ. ಹೊಸ ಆವೃತ್ತಿ ಮೊದಲು 1,000 ರೂಪಾಯಿಯ ಮೇಲೆ 180 ತೆರಿಗೆ ಹಾಕಿ, ಆಮೇಲೆ 100 ರೂಪಾಯಿ ಕಳೆಯಿತು. ಮೊತ್ತ 1,080 ಆಯಿತು. ಕೊಳ್ಳುವವರಿಂದ 18 ರೂಪಾಯಿ ಹೆಚ್ಚು ಹೋಯಿತು. ರಿಯಾಯಿತಿಯೇ ಇಲ್ಲದ ಬಿಲ್ಲಿನಲ್ಲಿ ಎರಡೂ ಕ್ರಮಗಳು ಒಂದೇ ಮೊತ್ತ ಕೊಡುವುದರಿಂದ, ರಿಯಾಯಿತಿಯಿಲ್ಲದ ಮಾದರಿ ಬಿಲ್‌ಗಳಿಂದ ನಡೆಸಿದ ಪರೀಕ್ಷೆಯಲ್ಲಿ ತಪ್ಪು ಕಾಣಲಿಲ್ಲ. ಶನಿವಾರ ಬೆಳಿಗ್ಗೆ 11ರ ಸುಮಾರಿಗೆ ಹರಿಹರದ ಲೆಕ್ಕಿಗರು ಒಂದು ಬಿಲ್ಲನ್ನು ಮೊದಲು ಕೊಟ್ಟಿದ್ದ ದರಪಟ್ಟಿಯ ಜೊತೆ ಹೋಲಿಸಿದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು.

ಕಾರಣ ತಿಳಿಯಲು ಅರ್ಧ ಗಂಟೆ ಸಾಕಾಯಿತು. ಎರಡು ಸಾಲುಗಳನ್ನು ಹಿಂದುಮುಂದು ಮಾಡಿದರೆ ಮುಗಿಯಿತು ಎನ್ನಿಸುವ ತಪ್ಪು ಅದು. ಹಾಗಿದ್ದರೂ ಅಲ್ಲಿಯೇ ತಿದ್ದದೆ ಬದಲಾವಣೆಯನ್ನೇ ಹಿಂತೆಗೆಯಲು ತಂಡ ನಿರ್ಧರಿಸಿತು. ಆ ನಿರ್ಧಾರಕ್ಕೆ ಗಟ್ಟಿ ಕಾರಣವಿದೆ. ಅಂಗಡಿಯಲ್ಲಿ ವ್ಯಾಪಾರ ನಡೆಯುತ್ತಿದೆ. ಹೊಸ ಲೆಕ್ಕದಲ್ಲಿ ಒಂದು ತಪ್ಪು ಕಂಡಿದೆ, ಎರಡನೆಯದು ಇಲ್ಲವೆಂದು ಹೇಳುವವರಿಲ್ಲ. ಹಳೆಯ ಲೆಕ್ಕವಾದರೋ ತಿಂಗಳುಗಟ್ಟಲೆ ಸರಿಯಾಗಿ ನಡೆದಿದೆ. ತಿದ್ದುಪಡಿ ಎಷ್ಟೇ ಚಿಕ್ಕದಾದರೂ ಪರೀಕ್ಷೆಯಾಗದ ಹೊಸ ಕೋಡ್ ಅದು. ಅವಸರದಲ್ಲಿ ಅದನ್ನು ಕಳಿಸುವುದಕ್ಕಿಂತ ಗೊತ್ತಿರುವ ಸ್ಥಿತಿಗೆ ಮರಳುವುದೇ ಲೇಸು. ತೆಗೆದುಹಾಕಿದ ಸೌಲಭ್ಯ ಇಲ್ಲದೆ ಅಂಗಡಿ ಒಂದು ದಿನವೂ ನಡೆಯದು ಎಂಬ ಪರಿಸ್ಥಿತಿಯಿದ್ದಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು. ಇಲ್ಲಿ ಹಾಗಿರಲಿಲ್ಲ.

ಹಿಂತೆಗೆಯುವುದು ಹೇಗೆ ಎಂಬುದನ್ನು ತಿಳಿಯಲು ಗಿಟ್ ಎಂಬ ಸಾಧನದ ಸ್ವಭಾವವನ್ನು ಸ್ವಲ್ಪ ನೋಡಬೇಕು. ಲಿನಕ್ಸ್ ಖ್ಯಾತಿಯ ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಇದನ್ನು ಇಂದು ಬಹುಪಾಲು ತಂತ್ರಾಂಶ ತಂಡಗಳು ಬಳಸುತ್ತವೆ. ಕೋಡ್‌ಗೆ ಮಾಡಿದ ಒಂದೊಂದು ಬದಲಾವಣೆಯನ್ನೂ ಅದು ಕಮಿಟ್ ಎಂಬ ದಾಖಲೆಯಾಗಿ ಇಟ್ಟುಕೊಳ್ಳುತ್ತದೆ. ಪ್ರತಿ ಕಮಿಟ್‌ಗೂ 40 ಅಕ್ಷರಗಳ ಒಂದು ಗುರುತು ಇರುತ್ತದೆ. ಆ ಗುರುತು ಹುಟ್ಟುವುದು ಕಮಿಟ್‌ನ ಒಳಗಿರುವುದರಿಂದ ಮತ್ತು ಅದರ ಹಿಂದಿನ ಕಮಿಟ್‌ನ ಗುರುತಿನಿಂದ. ಹಾಗಾಗಿ ಸರಪಳಿಯ ನಡುವಿನ ಒಂದು ಕೊಂಡಿಯನ್ನು ಬದಲಾಯಿಸಿದರೆ ಅದರ ಮುಂದಿನ ಎಲ್ಲ ಕೊಂಡಿಗಳ ಗುರುತೂ ಬದಲಾಗುತ್ತದೆ. ಯಾರಿಗೂ ತಿಳಿಯದಂತೆ ಇತಿಹಾಸ ತಿದ್ದುವುದು ಈ ಏರ್ಪಾಡಿನಲ್ಲಿ ಕಷ್ಟ.

ಹಿಂದಕ್ಕೆ ಹೋಗಲು ಗಿಟ್‌ನಲ್ಲಿ ಎರಡು ದಾರಿಗಳಿವೆ. `git reset --hard` ಎಂಬುದು ಬ್ರಾಂಚ್‌ನ ತುದಿಯನ್ನು ಹಳೆಯ ಕಮಿಟ್‌ಗೆ ಎಳೆದೊಯ್ಯುತ್ತದೆ. ಆಮೇಲಿನ ಕಮಿಟ್‌ಗಳು ಆ ಬ್ರಾಂಚ್‌ನ ಲೆಕ್ಕದಲ್ಲಿ ಇಲ್ಲವಾಗುತ್ತವೆ. ಅದನ್ನು ಎಲ್ಲರೂ ಬಳಸುವ ಸರ್ವರ್‌ಗೆ ಕಳಿಸಬೇಕಾದರೆ ಬಲವಂತ ಮಾಡಬೇಕು, ಅಂದರೆ `--force` ಸೇರಿಸಬೇಕು. ಆದರೆ ತಂಡದ ಉಳಿದವರ ಕಂಪ್ಯೂಟರ್‌ಗಳಲ್ಲಿ ಆ ಕಮಿಟ್‌ಗಳು ಇನ್ನೂ ಇರುತ್ತವೆ. ಅವರಲ್ಲಿ ಯಾರಾದರೂ ತಮ್ಮ ಕೆಲಸವನ್ನು ಕೂಡಿಸಿ ಮತ್ತೆ ಕಳಿಸಿದರೆ ಅಳಿಸಿದೆವೆಂದುಕೊಂಡ ದೋಷವೂ ಜೊತೆಗೇ ವಾಪಸಾಗುತ್ತದೆ. ಒಮ್ಮೆ ಸರಿಯಾಗಿದ್ದ ತಪ್ಪು ವಾರದ ನಂತರ ಮರುಕಳಿಸುವುದಕ್ಕೆ ಇದು ನಿಜವಾದ, ಆಗಾಗ ಕಾಣುವ ಕಾರಣ.

ಇನ್ನೊಂದು ದಾರಿ `git revert`. ಇದು ಏನನ್ನೂ ಅಳಿಸುವುದಿಲ್ಲ. ತಪ್ಪಿದ ಕಮಿಟ್‌ಗೆ ನೇರ ವಿರುದ್ಧವಾದ ಹೊಸ ಕಮಿಟ್ ಒಂದನ್ನು ತುದಿಯಲ್ಲಿ ಸೇರಿಸುತ್ತದೆ: ಅಲ್ಲಿ ಸೇರಿದ ಸಾಲು ಇಲ್ಲಿ ತೆಗೆಯಲ್ಪಡುತ್ತದೆ, ಅಲ್ಲಿ ತೆಗೆದದ್ದು ಇಲ್ಲಿ ಮರಳುತ್ತದೆ. ಒಳ್ಳೆಯ ಲೆಕ್ಕಿಗರು ಖಾತೆ ಪುಸ್ತಕದಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸುವುದಿಲ್ಲ. ಅದಕ್ಕೆ ಎದುರು ನಮೂದು ಬರೆದು ಕಾರಣ ಗುರುತು ಹಾಕುತ್ತಾರೆ. ಬಾಕಿ ಸರಿಹೋಗುತ್ತದೆ, ತಪ್ಪಾಗಿತ್ತು ಎಂಬುದೂ ಪುಸ್ತಕದಲ್ಲಿ ಉಳಿಯುತ್ತದೆ. ರಿವರ್ಟ್ ಮಾಡುವುದೂ ಅದನ್ನೇ. ಸಗಟು ಅಂಗಡಿಯವರಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಮಾತು ಸಿಗುವುದಿಲ್ಲ, ಅವರ ದಿನನಿತ್ಯದ ಕೆಲಸವೇ ಅದು.

ಈ ಪ್ರಸಂಗದಲ್ಲಿ ರಿಯಾಯಿತಿಯ ಬದಲಾವಣೆ ಒಂದು ಪ್ರತ್ಯೇಕ ಬ್ರಾಂಚ್‌ನಲ್ಲಿ ತಯಾರಾಗಿ, ಒಂದೇ ಮರ್ಜ್ ಕಮಿಟ್ ಮೂಲಕ ಮುಖ್ಯ ಬ್ರಾಂಚ್‌ಗೆ ಸೇರಿತ್ತು. ತಂಡ ಮಾಡಿದ ಕೆಲಸ ಇಷ್ಟು:

```
git switch main
git pull
git revert -m 1 8c41d7e
git diff v4.6.2 HEAD -- billing/
git tag -a v4.7.1 -m "4.7.0 ರಿಯಾಯಿತಿ ಲೆಕ್ಕ ಹಿಂತೆಗೆತ"
git push origin main v4.7.1
```

ಮರ್ಜ್ ಕಮಿಟ್‌ಗೆ ಹಿಂದಿನ ಕೊಂಡಿಗಳು ಎರಡು. ಅವುಗಳಲ್ಲಿ ಯಾವುದನ್ನು ಮೂಲವೆಂದು ಹಿಡಿಯಬೇಕೆಂದು ಹೇಳುವುದೇ `-m 1`. ಇಲ್ಲಿ ಮೊದಲನೆಯದು, ಅಂದರೆ ಮುಖ್ಯ ಬ್ರಾಂಚ್. ಇದನ್ನು ಕೊಡದಿದ್ದರೆ ಗಿಟ್ ತಾನಾಗಿ ಊಹಿಸದೆ ಕೆಲಸ ನಿಲ್ಲಿಸುತ್ತದೆ. ನಾಲ್ಕನೆಯ ಸಾಲು ಇಡೀ ಕ್ರಮದ ಪುರಾವೆ. ಬಿಲ್ಲಿಂಗ್ ಭಾಗದಲ್ಲಿ 4.6.2ಕ್ಕೂ ಈಗಿನ ಕೋಡ್‌ಗೂ ಇರುವ ವ್ಯತ್ಯಾಸವನ್ನು ತೋರಿಸು ಎಂದು ಅದು ಕೇಳುತ್ತದೆ. ಉತ್ತರವಾಗಿ ಏನೂ ಮುದ್ರಿತವಾಗದಿದ್ದರೆ ಎರಡೂ ಅಕ್ಷರಶಃ ಒಂದೇ ಎಂದರ್ಥ. ಇಮೇಲ್‌ನಲ್ಲಿ "ಲೆಕ್ಕದ ಭಾಗ 4.6.2ರಲ್ಲಿದ್ದಂತೆಯೇ ಇದೆ" ಎಂದು ಬರೆಯುವ ಹಕ್ಕು ಸಿಗುವುದು ಈ ಸಾಲು ಖಾಲಿ ಉತ್ತರ ಕೊಟ್ಟ ಮೇಲೆಯೇ.

ಇನ್ನು ಸಂಖ್ಯೆಯ ಮಾತು. ಟ್ಯಾಗ್ ಎಂದರೆ ಒಂದು ನಿರ್ದಿಷ್ಟ ಕಮಿಟ್‌ಗೆ ಅಂಟಿಸಿದ ಹೆಸರು. `-a` ಸೇರಿಸಿ ಮಾಡಿದ ಟ್ಯಾಗ್‌ನಲ್ಲಿ ಯಾರು, ಯಾವಾಗ, ಏಕೆ ಮಾಡಿದರು ಎಂಬುದೂ ದಾಖಲಾಗುತ್ತದೆ. ಹೆಸರು ತಾನೇ, ಹಳೆಯ `v4.7.0` ಟ್ಯಾಗನ್ನು ಕಿತ್ತು ಸರಿಯಾದ ಕಮಿಟ್‌ಗೆ ಅಂಟಿಸಿದರೆ ಆಗದೇ ಎಂಬ ಯೋಚನೆ ಬರುವುದು ಸಹಜ. ಗ್ರಾಹಕರ ಕಣ್ಣಿಗೂ ಅದೇ ಅಚ್ಚುಕಟ್ಟಾಗಿ ಕಾಣುತ್ತದೆ. ಅದರ ತೊಂದರೆ ಆಮೇಲೆ ತಿಳಿಯುತ್ತದೆ.

4.7.0 ಆಗಲೇ ಐದೂ ಕಂಪ್ಯೂಟರ್‌ಗಳಿಗೆ ಇಳಿದಿದೆ. ಅವುಗಳಲ್ಲಿರುವ ಅಪ್‌ಡೇಟ್ ವ್ಯವಸ್ಥೆ ತನ್ನಲ್ಲಿರುವ ಸಂಖ್ಯೆಯನ್ನು ಸರ್ವರ್‌ನಲ್ಲಿರುವ ಸಂಖ್ಯೆಯ ಜೊತೆ ಹೋಲಿಸಿ, ಅಲ್ಲಿನದು ದೊಡ್ಡದಾಗಿದ್ದರೆ ಮಾತ್ರ ಇಳಿಸಿಕೊಳ್ಳುತ್ತದೆ. ಸರ್ವರ್‌ನಲ್ಲಿ 4.6.2 ಇಟ್ಟರೆ ಹಳೆಯದೆಂದು ಬಿಟ್ಟುಬಿಡುತ್ತದೆ. ಸರಿಪಡಿಸಿದ್ದನ್ನು 4.7.0 ಎಂಬ ಹೆಸರಿನಲ್ಲೇ ಇಟ್ಟರೆ ತನ್ನಲ್ಲಿ ಅದು ಈಗಾಗಲೇ ಇದೆಯೆಂದು ಸುಮ್ಮನಾಗುತ್ತದೆ. ಎರಡೂ ಸಂದರ್ಭಗಳಲ್ಲಿ ತಪ್ಪು ಲೆಕ್ಕ ಅಂಗಡಿಯಲ್ಲಿ ಮುಂದುವರಿಯುತ್ತದೆ. 4.7.1 ಎಂದಾಗ ಮಾತ್ರ ಐದೂ ಕಂಪ್ಯೂಟರ್‌ಗಳು ತಾವಾಗಿ ಅದನ್ನು ತೆಗೆದುಕೊಳ್ಳುತ್ತವೆ. ಮೊಬೈಲ್ ಆ್ಯಪ್‌ಗಳಲ್ಲೂ ಇದೇ ಕಟ್ಟಳೆ. ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ತಲುಪಬೇಕಾದರೆ ಆವೃತ್ತಿಯ ಒಳಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಿರಲೇಬೇಕು, ಒಳಗಿರುವುದು ಹಳೆಯ ಕೋಡ್ ಆಗಿದ್ದರೂ ಸರಿ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಈ ತಂತ್ರಾಂಶ ಪ್ರತಿ ಬಿಲ್ಲಿನ ದಾಖಲೆಯಲ್ಲೂ ಅದನ್ನು ಯಾವ ಆವೃತ್ತಿ ತಯಾರಿಸಿತು ಎಂದು ಬರೆದಿಡುತ್ತದೆ. ದೋಷವಿದ್ದ ಅವಧಿಯ ಬಿಲ್‌ಗಳಲ್ಲಿ 4.7.0 ಎಂದಿದೆ. ತಿದ್ದಿದ ತಂತ್ರಾಂಶವೂ 4.7.0 ಎಂಬ ಹೆಸರನ್ನೇ ಹೊತ್ತರೆ ಶನಿವಾರ ಮಧ್ಯಾಹ್ನದ ನಂತರದ ಸರಿಯಾದ ಬಿಲ್‌ಗಳಲ್ಲೂ ಅದೇ ಸಂಖ್ಯೆ ಬೀಳುತ್ತದೆ. ಆಗ ಯಾವುದು ತಪ್ಪಿನ ಬಿಲ್, ಯಾವುದು ಸರಿಯಾದದ್ದು ಎಂದು ಬೇರ್ಪಡಿಸಲು ಗಡಿಯಾರ ನೋಡಬೇಕು. ಐದು ಕಂಪ್ಯೂಟರ್‌ಗಳು ಐದು ಹೊತ್ತಿನಲ್ಲಿ ಅಪ್‌ಡೇಟ್ ಆಗಿರುವುದರಿಂದ ಗಡಿಯಾರವನ್ನೂ ನಂಬುವಂತಿಲ್ಲ. ಆರು ತಿಂಗಳ ನಂತರ ಲೆಕ್ಕಪರಿಶೋಧಕರು ಕೇಳಿದಾಗ ಉತ್ತರ ಹೇಳಲು ಉಳಿದಿರುವ ಏಕೈಕ ಸಾಕ್ಷಿ ಆ ಸಂಖ್ಯೆ. ಅದನ್ನು ಎರಡು ಅರ್ಥಕ್ಕೆ ಬಳಸಿದರೆ ಸಾಕ್ಷಿ ಕೆಡುತ್ತದೆ.

ಈ ಕಟ್ಟುನಿಟ್ಟು ಒಬ್ಬಿಬ್ಬರ ಮಡಿವಂತಿಕೆಯಲ್ಲ. ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ರೂಪಿಸಿದ ಆವೃತ್ತಿ ಸಂಖ್ಯೆಗಳ ನಿಯಮಾವಳಿ, ಸೆಮ್ಯಾಂಟಿಕ್ ವರ್ಷನಿಂಗ್, ಒಮ್ಮೆ ಹೊರಬಂದ ಆವೃತ್ತಿಯ ಒಳಗನ್ನು ಮುಟ್ಟಕೂಡದು, ಯಾವ ಬದಲಾವಣೆಯಾದರೂ ಹೊಸ ಸಂಖ್ಯೆಯಲ್ಲೇ ಬರಬೇಕು ಎಂದು ವಿಧಿಸುತ್ತದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಲ್ಲಿ ಒಂದು ಆವೃತ್ತಿಯನ್ನು ತೆಗೆದುಹಾಕಿದ ಮೇಲೂ ಆ ಸಂಖ್ಯೆಯನ್ನು ಮರುಬಳಕೆ ಮಾಡಲಾಗದು. ಗಿಟ್ ಸಹ 2018ರ ಕೊನೆಯಲ್ಲಿ ಬಂದ 2.20ರಿಂದ, ಸರ್ವರ್‌ನಲ್ಲಿ ಟ್ಯಾಗ್ ಸ್ಥಳ ಬದಲಿಸಿದ್ದರೆ ನಮ್ಮ ಕಂಪ್ಯೂಟರ್‌ನಲ್ಲಿರುವ ಹಳೆಯ ಟ್ಯಾಗನ್ನು ಬಲವಂತ ಮಾಡದ ಹೊರತು ಬದಲಾಯಿಸುವುದಿಲ್ಲ. ಅಂದರೆ ಟ್ಯಾಗ್ ಕಿತ್ತು ಅಂಟಿಸಿದವರ ಬಳಿ `v4.7.0` ಒಂದು ಅರ್ಥ ಕೊಟ್ಟರೆ ಪಕ್ಕದ ಮೇಜಿನವರ ಬಳಿ ಇನ್ನೊಂದು ಅರ್ಥ ಕೊಡುತ್ತದೆ, ಇಬ್ಬರಿಗೂ ಅದರ ಅರಿವಿರುವುದಿಲ್ಲ. ಟ್ಯಾಗ್ ಸರಿದಾಡುವುದು ಭದ್ರತೆಗೂ ಕುತ್ತು. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನಲ್ಲಿ ಬಹಳ ಮಂದಿ ಬಳಸುತ್ತಿದ್ದ `tj-actions/changed-files` ಎಂಬ ಸಾಧನದ ಹಳೆಯ ಟ್ಯಾಗ್‌ಗಳನ್ನು ದಾಳಿಕೋರರು ತಮ್ಮ ಕೆಟ್ಟ ಕೋಡ್ ಇದ್ದ ಕಮಿಟ್‌ನತ್ತ ತಿರುಗಿಸಿದ್ದರು. ಹೆಸರು ಹಳೆಯದೇ ಆದ್ದರಿಂದ ಬಳಸುವವರಿಗೆ ಅನುಮಾನವೇ ಬರಲಿಲ್ಲ.

ರಿವರ್ಟ್ ಏನನ್ನು ಹಿಂದಿರುಗಿಸುವುದಿಲ್ಲ ಎಂಬುದು ಇಮೇಲ್‌ನಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಸಂಗತಿ. ಅದು ಕೋಡ್ ಅನ್ನು ಮಾತ್ರ ಹಿಂದಿರುಗಿಸುತ್ತದೆ. ಆ ಕೋಡ್ ಈಗಾಗಲೇ ಮಾಡಿದ ಕೆಲಸ ಹಾಗೇ ಉಳಿಯುತ್ತದೆ. ಮುದ್ರಿಸಿ ಕೊಟ್ಟ ಬಿಲ್ ಕೊಂಡವರ ಕೈಯಲ್ಲಿದೆ, ಡೇಟಾಬೇಸ್‌ನಲ್ಲಿ ತಪ್ಪು ಮೊತ್ತ ಕುಳಿತಿದೆ, ಹೆಚ್ಚಿನ ಹಣ ಸಂದಾಯವಾಗಿದೆ. "ಹಿಂಪಡೆಯಲಾಗಿದೆ" ಎಂಬ ಒಂದೇ ಪದ ಓದಿದ ಮಾಲೀಕರು ಇವೂ ಸರಿಹೋದವೆಂದು ತಿಳಿದರೆ ಅದು ಅವರ ತಪ್ಪಲ್ಲ. ಆದ್ದರಿಂದ ತಂಡ ಡೇಟಾಬೇಸ್‌ನ ಪ್ರತಿಯೊಂದನ್ನು ತೆಗೆದುಕೊಂಡು, 4.7.0 ಗುರುತಿನ 214 ಬಿಲ್‌ಗಳನ್ನೂ 4.7.1ರಲ್ಲಿ ಮತ್ತೆ ಲೆಕ್ಕ ಹಾಕಿಸಿತು. 173 ಬಿಲ್‌ಗಳ ಮೊತ್ತ ಬದಲಾಗಲಿಲ್ಲ, ಅವುಗಳಲ್ಲಿ ರಿಯಾಯಿತಿ ಇರಲಿಲ್ಲ. 41 ಬಿಲ್‌ಗಳ ಮೊತ್ತ ಇಳಿಯಿತು. ಇಳಿದದ್ದು ಒಟ್ಟು 6,318 ರೂಪಾಯಿ. ಆ ಬಿಲ್‌ಗಳಲ್ಲಿದ್ದ ಒಟ್ಟು ರಿಯಾಯಿತಿ 35,100 ರೂಪಾಯಿ, ಅದರ ಶೇ. 18 ಸರಿಯಾಗಿ 6,318. ತಪ್ಪು ಇದೊಂದೇ, ಬೇರೆ ಏನೂ ಬೆರೆತಿಲ್ಲ ಎಂದು ತೋರಿಸಿಕೊಟ್ಟದ್ದು ಈ ಹೊಂದಾಣಿಕೆ.

ಡೇಟಾಬೇಸ್‌ನ ರಚನೆಯಲ್ಲೂ ಒಂದು ತೊಡಕು ಸಾಧ್ಯ. ಹೊಸ ಆವೃತ್ತಿಗಳು ಕೋಷ್ಟಕಗಳಿಗೆ ಹೊಸ ಕಾಲಂಗಳನ್ನು ಸೇರಿಸುವುದುಂಟು. ಕೋಡ್ ಹಿಂದಕ್ಕೆ ಹೋದರೂ ಆ ಕಾಲಂಗಳು ಉಳಿದಿರುತ್ತವೆ. ಹಳೆಯ ಕೋಡ್ ಅವನ್ನು ಕಡೆಗಣಿಸಿ ನಡೆದರೆ ತೊಂದರೆಯಿಲ್ಲ. ಕಾಲಂನ ಹೆಸರೋ ಅರ್ಥವೋ ಬದಲಾಗಿದ್ದರೆ ಹಳೆಯ ಕೋಡ್ ಎಡವುತ್ತದೆ. ಇಲ್ಲಿ ಬ್ರ್ಯಾಂಡ್ ರಿಯಾಯಿತಿಯ ಕಾಲಂ ಬೇರೆ ಮರ್ಜ್‌ನಲ್ಲಿ ಬಂದಿದ್ದರಿಂದ ಅದನ್ನು ಮುಟ್ಟದೆ ಖಾಲಿ ಬಿಡಲಾಯಿತು. ಎಲ್ಲ ಕಡೆ ಇಷ್ಟು ಸಲೀಸಾಗಿ ನಡೆಯುವುದಿಲ್ಲ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ 2012ರ ಆಗಸ್ಟ್ 1ರಂದು ಮುಕ್ಕಾಲು ಗಂಟೆಯಲ್ಲಿ 40 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ತಲುಪಿರಲಿಲ್ಲ. ಅದರಲ್ಲಿ ಉಳಿದಿದ್ದ ಬಹಳ ಹಳೆಯ ಭಾಗವೊಂದು ಎಚ್ಚೆತ್ತು ಒಂದೇ ಸಮನೆ ಆರ್ಡರ್ ಕಳಿಸತೊಡಗಿತ್ತು. ಕಾರಣ ತಿಳಿಯದ ಸಿಬ್ಬಂದಿ ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದುಹಾಕಿದರು. ಆ ಏಳರಲ್ಲೂ ಅದೇ ಹಳೆಯ ಭಾಗ ಚಾಲೂ ಆಗಿ ನಷ್ಟ ಇನ್ನಷ್ಟು ಬೆಳೆಯಿತು. ಹಿಂದಕ್ಕೆ ಹೋಗುವುದು ತಾನಾಗಿಯೇ ಸುರಕ್ಷಿತ ಎಂದು ನಂಬುವವರು ಈ ಪ್ರಕರಣದ ಕುರಿತ ಅಮೆರಿಕದ ಷೇರು ನಿಯಂತ್ರಣ ಆಯೋಗದ ಆದೇಶವನ್ನು ಒಮ್ಮೆ ಓದಬೇಕು.

ಇಷ್ಟೆಲ್ಲ ಆದ ಮೇಲೆ ಬರೆಯುವ ಇಮೇಲ್ ಚಿಕ್ಕದಾಗಿಯೇ ಇರಬೇಕು. ಅಂಗಡಿ ಮಾಲೀಕರಿಗೆ ಅದು ಈ ರೂಪದಲ್ಲಿ ಹೋಗಬಹುದು:

ವಿಷಯ: 4.7.0 ಹಿಂಪಡೆದಿದ್ದೇವೆ, 4.7.1 ಜಾರಿಯಲ್ಲಿದೆ, 41 ಬಿಲ್‌ಗಳನ್ನು ಸರಿಪಡಿಸಬೇಕಿದೆ

ಮಾನ್ಯರೇ,

ಶುಕ್ರವಾರ ರಾತ್ರಿ 8.10ರಿಂದ ಶನಿವಾರ ಮಧ್ಯಾಹ್ನ 1.15ರವರೆಗೆ ನಿಮ್ಮ ಅಂಗಡಿಗಳಲ್ಲಿ ರಿಯಾಯಿತಿ ಕೊಟ್ಟು ಹಾಕಿದ ಬಿಲ್‌ಗಳಲ್ಲಿ ಜಿಎಸ್‌ಟಿ ಹೆಚ್ಚಾಗಿ ಲೆಕ್ಕವಾಗಿದೆ. ಇದು ನಮ್ಮ 4.7.0 ಆವೃತ್ತಿಯ ತಪ್ಪು. ಇಂಥ ಬಿಲ್‌ಗಳು 41. ಹೆಚ್ಚಾಗಿ ಪಡೆದ ಮೊತ್ತ ಒಟ್ಟು 6,318 ರೂ. ಬಿಲ್ ಸಂಖ್ಯೆ, ಗ್ರಾಹಕರು, ಪಡೆದ ಮೊತ್ತ ಮತ್ತು ಸರಿಯಾದ ಮೊತ್ತ ಇರುವ ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ರಿಯಾಯಿತಿ ಇಲ್ಲದ 173 ಬಿಲ್‌ಗಳು ಸರಿಯಾಗಿವೆ.

ಹೊಸ ಆವೃತ್ತಿ ರಿಯಾಯಿತಿ ಕಳೆಯುವ ಮೊದಲೇ ತೆರಿಗೆ ಹಾಕುತ್ತಿತ್ತು. ಅದನ್ನು ಅವಸರದಲ್ಲಿ ತಿದ್ದದೆ, ಆ ಬದಲಾವಣೆಯನ್ನು ಪೂರ್ತಿಯಾಗಿ ತೆಗೆದಿದ್ದೇವೆ. ಬಿಲ್ ಲೆಕ್ಕದ ಭಾಗ ಈಗ ನೀವು ಮೊದಲು ಬಳಸುತ್ತಿದ್ದ 4.6.2ರಲ್ಲಿದ್ದಂತೆಯೇ ಇದೆ. ಬ್ರ್ಯಾಂಡ್‌ವಾರು ರಿಯಾಯಿತಿ ಸದ್ಯಕ್ಕೆ ಇರುವುದಿಲ್ಲ. ದಾಸ್ತಾನಿನ ಹೊಸ ವರದಿ ಮುಂದುವರಿಯುತ್ತದೆ.

ಪರದೆಯಲ್ಲಿ ನಿಮಗೆ 4.7.1 ಎಂದು ಕಾಣುತ್ತದೆ. ಹಳೆಯ ಸಂಖ್ಯೆ ಹಾಕಿದ್ದರೆ ನಿಮ್ಮ ಕಂಪ್ಯೂಟರ್‌ಗಳು ಅದನ್ನು ಇಳಿಸಿಕೊಳ್ಳುತ್ತಿರಲಿಲ್ಲ. 4.7.0 ಎಂಬ ಹೆಸರನ್ನೇ ಉಳಿಸಿಕೊಂಡಿದ್ದರೆ ತಪ್ಪಿನ ಬಿಲ್‌ಗಳನ್ನು ಮುಂದೆ ಗುರುತಿಸಲಾಗುತ್ತಿರಲಿಲ್ಲ. ದಯವಿಟ್ಟು ಐದೂ ಕಂಪ್ಯೂಟರ್‌ಗಳಲ್ಲಿ ಈ ಸಂಖ್ಯೆಯನ್ನು ಒಮ್ಮೆ ನೋಡಿಕೊಳ್ಳಿ. ಬೇರೆ ಸಂಖ್ಯೆ ಕಂಡರೆ ಬಿಲ್ ಹಾಕದೆ ನಮಗೆ ಕರೆ ಮಾಡಿ.

ಈಗಾಗಲೇ ಕೊಟ್ಟಿರುವ ಬಿಲ್‌ಗಳನ್ನು ನಾವು ತಿದ್ದಿಲ್ಲ, ತಿದ್ದುವುದೂ ಇಲ್ಲ. ಅವುಗಳಿಗೆ ಕ್ರೆಡಿಟ್ ನೋಟ್ ಕೊಡುವ ಬಗ್ಗೆ ನಿಮ್ಮ ಲೆಕ್ಕಪರಿಶೋಧಕರು ತೀರ್ಮಾನಿಸಬೇಕು. ಅವರು ಒಪ್ಪಿದರೆ ಪಟ್ಟಿಯಲ್ಲಿರುವಂತೆ ಕ್ರೆಡಿಟ್ ನೋಟ್‌ಗಳನ್ನು ಸಿದ್ಧಪಡಿಸಿ ಕೊಡುತ್ತೇವೆ.

ಬ್ರ್ಯಾಂಡ್‌ವಾರು ರಿಯಾಯಿತಿ 4.8.0ರಲ್ಲಿ ಮರಳುತ್ತದೆ. ಅದಕ್ಕೆ ಮೊದಲು ಈ 41 ಬಿಲ್‌ಗಳನ್ನೇ ಪರೀಕ್ಷೆಗೆ ಬಳಸಿ, ಫಲಿತಾಂಶವನ್ನು ನಿಮಗೆ ಕಳಿಸುತ್ತೇವೆ. ನಿಮಗಾದ ತೊಂದರೆಗೆ ಕ್ಷಮೆ ಕೋರುತ್ತೇವೆ.

ಇಂತಿ,
ಬಿಲ್ಲಿಂಗ್ ತಂಡ

ಈ ಪತ್ರದಲ್ಲಿ ರಿವರ್ಟ್, ಮರ್ಜ್, ಕಮಿಟ್ ಎಂಬ ಪದಗಳು ಒಂದೂ ಇಲ್ಲ. ಅವು ಗ್ರಾಹಕರಿಗೆ ಬೇಕಿಲ್ಲ. ಆದರೆ ಆ ಪದಗಳ ಹಿಂದಿನ ಸತ್ಯಗಳೆಲ್ಲ ಇವೆ. ಗ್ರಾಹಕರ ಕಡೆ ತಂತ್ರಜ್ಞಾನ ವಿಭಾಗವಿದ್ದರೆ ಕೊನೆಯಲ್ಲಿ ಎರಡು ಸಾಲು ಸೇರಿಸಬೇಕು: ಹಿಂತೆಗೆದ ಕಮಿಟ್‌ನ ಗುರುತು ಮತ್ತು ಹೊಸ ಟ್ಯಾಗ್‌ನ ಹೆಸರು. ಅವರು `git show v4.7.1` ಎಂದು ಕೇಳಿ, ಪತ್ರದಲ್ಲಿ ಹೇಳಿದ್ದು ನಿಜವೇ ಎಂದು ತಾವೇ ನೋಡಿಕೊಳ್ಳಬಹುದು.

ಕ್ರಮವೂ ಬೇಕೆಂದೇ ಇಟ್ಟದ್ದು. ಮೊದಲು ಹಣ, ಆಮೇಲೆ ಕಾರಣ. ಮಾಲೀಕರು ಪತ್ರ ತೆರೆಯುವಾಗ ಅವರ ಮನಸ್ಸಿನಲ್ಲಿರುವುದು ತಮ್ಮ ಗಿರಾಕಿಗಳಿಗೆ ಏನು ಹೇಳಬೇಕು ಎಂಬುದು. ತಂತ್ರಾಂಶ ಕಂಪನಿಗಳ ಪತ್ರಗಳು ಬಹಳ ಸಲ ತಲೆಕೆಳಗಾಗಿ ನಡೆಯುತ್ತವೆ: ಹೊಸ ಸೌಲಭ್ಯದ ವರ್ಣನೆಯಿಂದ ಶುರುವಾಗಿ, "ಕೆಲವು ಸಂದರ್ಭಗಳಲ್ಲಿ ಸಣ್ಣ ವ್ಯತ್ಯಾಸ" ಎಂಬಲ್ಲಿ ಮುಗಿಯುತ್ತವೆ. 41 ಎಂಬ ಸಂಖ್ಯೆಯಿರುವ ಕಡೆ "ಕೆಲವು" ಎಂದು ಬರೆಯುವುದು ಅಪ್ರಾಮಾಣಿಕತೆ. ಎಣಿಕೆ ಇನ್ನೂ ಮುಗಿದಿಲ್ಲವಾದರೆ ಮುಗಿದಿಲ್ಲವೆಂದೇ ಬರೆದು, ಯಾವಾಗ ತಿಳಿಸುತ್ತೇವೆಂದು ಹೊತ್ತು ಹೇಳುವುದು ಸರಿ. ತಪ್ಪು ಬರೆದ ಉದ್ಯೋಗಿಯ ಹೆಸರು ಪತ್ರದಲ್ಲಿ ಬರಕೂಡದು. ಅದನ್ನು ಪರಿಶೀಲಿಸಿದವರು, ಪರೀಕ್ಷಿಸಿದವರು, ಶುಕ್ರವಾರ ರಾತ್ರಿ ಬಿಡುಗಡೆಗೆ ಒಪ್ಪಿದವರು ಎಲ್ಲರೂ ಸೇರಿ ಆದದ್ದು ಅದು, ಹೊಣೆ ಕಂಪನಿಯದು.

ಕೊಟ್ಟ ಬಿಲ್‌ಗಳನ್ನು ಕಂಪನಿಯೇ ಡೇಟಾಬೇಸ್‌ನಲ್ಲಿ ತಿದ್ದಿಬಿಟ್ಟರೆ ಗ್ರಾಹಕರಿಗೆ ಕೆಲಸ ಕಡಿಮೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ 1,062 ಎಂದಿರುತ್ತದೆ, ಕೊಂಡವರ ಕೈಯಲ್ಲಿರುವ ಕಾಗದದಲ್ಲಿ 1,080 ಎಂದಿರುತ್ತದೆ. ಬಿಲ್ಲಿನಲ್ಲಿ ತೆರಿಗೆ ಹೆಚ್ಚಾಗಿ ಬಿದ್ದಾಗ ಕ್ರೆಡಿಟ್ ನೋಟ್ ಕೊಡುವ ದಾರಿಯನ್ನು ಜಿಎಸ್‌ಟಿ ಕಾನೂನಿನ 34ನೇ ಕಲಂ ತೋರಿಸಿಕೊಟ್ಟಿದೆ. ಅಲ್ಲಿಯೂ ಹಳೆಯ ಬಿಲ್ ಹಾಗೇ ಉಳಿದು, ಅದಕ್ಕೆದುರಾಗಿ ಹೊಸ ದಾಖಲೆ ಬರುತ್ತದೆ.

4.8.0 ಎಂದು ಮಾತು ಕೊಟ್ಟಿರುವುದರಿಂದ ತಂಡಕ್ಕೆ ಒಂದು ಎಚ್ಚರಿಕೆ ಉಳಿದಿದೆ. ರಿಯಾಯಿತಿಯ ಬ್ರಾಂಚ್‌ನಲ್ಲಿ ತಪ್ಪು ತಿದ್ದಿ ಅದನ್ನು ಮತ್ತೆ ಮುಖ್ಯ ಬ್ರಾಂಚ್‌ಗೆ ಮರ್ಜ್ ಮಾಡಿದರೆ, ತಿದ್ದಿದ ಎರಡು ಸಾಲುಗಳಷ್ಟೇ ಬರಲು ಯತ್ನಿಸುತ್ತವೆ, ಉಳಿದ ಬದಲಾವಣೆ ಬರುವುದಿಲ್ಲ. ಆ ಹಳೆಯ ಕಮಿಟ್‌ಗಳು ಇತಿಹಾಸದಲ್ಲಿ ಆಗಲೇ ಸೇರಿವೆ ಎಂದು ಗಿಟ್ ಎಣಿಸುತ್ತದೆ. ರಿವರ್ಟ್ ಅವುಗಳ ಪರಿಣಾಮವನ್ನು ತೆಗೆಯಿತೇ ಹೊರತು ಅವನ್ನೇ ತೆಗೆಯಲಿಲ್ಲ. ಇದಕ್ಕೆ ಮೊದಲು ರಿವರ್ಟ್ ಕಮಿಟ್‌ನ್ನೇ ರಿವರ್ಟ್ ಮಾಡಿ, ಆಮೇಲೆ ತಿದ್ದುಪಡಿಯನ್ನು ಮರ್ಜ್ ಮಾಡಬೇಕು:

```
git revert <ರಿವರ್ಟ್ ಕಮಿಟ್‌ನ ಗುರುತು>
git merge discount-fix
```

ಟೋರ್ವಾಲ್ಡ್ಸ್ 2008ರ ಡಿಸೆಂಬರ್‌ನಲ್ಲೇ ಇದನ್ನು ವಿವರಿಸಿ ಬರೆದಿದ್ದರು, ಅದು ಇಂದಿಗೂ ಗಿಟ್‌ನ ಕೈಪಿಡಿಯ ಭಾಗವಾಗಿದೆ. ಇದನ್ನು ಮರೆತ ತಂಡದ 4.8.0ರಲ್ಲಿ ಬ್ರ್ಯಾಂಡ್‌ವಾರು ರಿಯಾಯಿತಿ ಅರ್ಧಂಬರ್ಧವಾಗಿ ಬರುತ್ತದೆ. ಮರ್ಜ್ ಆದ ಮೇಲೆ `git diff v4.7.1 HEAD -- billing/` ಎಂದು ಕೇಳಿ, ಈ ಸಲ ಉತ್ತರ ಖಾಲಿಯಾಗಿಲ್ಲ, ಇರಬೇಕಾದ ಸಾಲುಗಳೆಲ್ಲ ಅದರಲ್ಲಿವೆ ಎಂದು ನೋಡಿಕೊಳ್ಳಬೇಕು. ನಂತರ ಆ 41 ಬಿಲ್‌ಗಳನ್ನು ಮತ್ತೊಮ್ಮೆ ಲೆಕ್ಕ ಹಾಕಿಸಿ, ಮೊತ್ತಗಳು ಶನಿವಾರದ ಪಟ್ಟಿಯಲ್ಲಿರುವ ಸರಿಯಾದ ಮೊತ್ತಗಳಿಗೆ ಹೊಂದಿದ ಮೇಲೆ `v4.8.0` ಟ್ಯಾಗ್ ಹಾಕಬಹುದು.